ವಿಯೆಟ್ನಾಮಿನಲ್ಲಿ ಜ್ವರ ಬಂದರೆ

ಹೆಮ್ಮಾಡಿಯಲ್ಲಿ ಜ್ವರ ಬಂದವರಿಗೆ ಮಾತಿನ ಬಡತನವಿಲ್ಲ. ಚಳಿ ಹಿಡಿದುದನ್ನೂ ಹೊಟ್ಟೆ ಹಿಂಡಿದುದನ್ನೂ ವೈದ್ಯರಿಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದು. ಅದೇ ಊರಿನ ಗೃಹಸ್ಥರೊಬ್ಬರು ವಿಯೆಟ್ನಾಮಿಗೆ ಪ್ರವಾಸ ಹೋಗಿ, ಹನಾಯ್ ನಗರದಲ್ಲಿ ಹಾಸಿಗೆ ಹಿಡಿದರೆನ್ನಿ. ಆಗ ಬೇಕಾಗುವುದು ನಾಲ್ಕೇ ನಾಲ್ಕು ಮಾತು, ಆದರೆ ತಪ್ಪಿಲ್ಲದ ಮಾತು.

ಮೊದಲನೆಯದು ‘ಬಿ’. ಕನ್ನಡದಲ್ಲಿ ನೋವುಪಡು, ಕಷ್ಟಪಡು ಎನ್ನುವಾಗಿನ ‘ಪಡು’ವಿನಂತೆ, ಬೇಡದುದು ಮೈಮೇಲೆ ಬಂದಿತೆಂಬುದನ್ನು ಅದು ಸೂಚಿಸುತ್ತದೆ. ‘ತೋಯ್’ ಎಂದರೆ ನಾನು, ‘ಸೋತ್’ ಎಂದರೆ ಜ್ವರ. ‘ತೋಯ್ ಬಿ ಸೋತ್’ ಎಂದರೆ ನನಗೆ ಜ್ವರ ಬಂದಿದೆ ಎಂದಾಯಿತು. ‘ದಾವ್’ ನೋವು, ‘ಬುಂಗ್’ ಹೊಟ್ಟೆ. ‘ತೋಯ್ ಬಿ ದಾವ್ ಬುಂಗ್’ ಎಂದರೆ ಹೊಟ್ಟೆನೋವು. ‘ಸೋತ್’ ಅನ್ನು ದನಿಯೇರಿಸಿಯೂ ‘ಬುಂಗ್’ ಅನ್ನು ಕಂಠದಲ್ಲಿ ಅದುಮಿ ಮೊಟಕಾಗಿಯೂ ನುಡಿಯಬೇಕು. ದನಿ ಬದಲಾದರೆ ಅರ್ಥವೂ ಬದಲಾಗುವ ಭಾಷೆ ಅದು.

ಚಳಿಜ್ವರವೆನ್ನಲು ಹೊರಟಾಗ ಎಚ್ಚರ ಅಗತ್ಯ. ‘ರೇತ್’ ಎಂದರೆ ಚಳಿ. ನಿಘಂಟು ನೋಡಿ ‘ಸೋತ್ ರೇತ್’ ಎಂದು ಜೋಡಿಸಿದರೆ ಅದು ಮಲೇರಿಯಾದ ಹೆಸರಾಗುತ್ತದೆ! ಬರಿಯ ನಡುಕವಾದರೆ ‘ಅನ್ ಲಾಞ್’ ಎಂದು ಬೇರೆಯಾಗಿ ಹೇಳುವುದು ಕ್ಷೇಮ.

ತಾಪದ ಲೆಕ್ಕವೂ ಬೇರೆ. ನಮ್ಮವರು 102 ಡಿಗ್ರಿ ಎನ್ನುವುದು ಫ್ಯಾರನ್‌ಹೀಟಿನಲ್ಲಿ. ಅಲ್ಲಿನ ವೈದ್ಯರು ಎಣಿಸುವುದು ಸೆಲ್ಸಿಯಸ್ಸಿನಲ್ಲಿ. 102 ಅಲ್ಲಿ ಸುಮಾರು 39, ಅಂದರೆ ‘ಬಾ ಮೂಯ್ ಚಿನ್ ದೋ’.

ಈಗ ಆ ಗೃಹಸ್ಥರಿಗೆ ಎರಡು ದಿನದಿಂದ ಜ್ವರವಿದ್ದರೆ, ‘ತೋಯ್ ಬಿ ಸೋತ್ ಹಾಯ್ ಙಾಯ್ ರೋಯ್’ ಎನ್ನಬೇಕು. ‘ಹಾಯ್’ ಎರಡು, ‘ಙಾಯ್’ ದಿನ. ವರ್ಣಮಾಲೆಯಲ್ಲಿ ಸುಮ್ಮನೆ ಕುಳಿತಿದ್ದ ನಮ್ಮ ‘ಙ’ಕಾರಕ್ಕೆ ಅಲ್ಲಿ ಕೆಲಸ ದೊರೆಯುತ್ತದೆ. ಬಳಿಕ ನೋಯುವಲ್ಲಿ ಬೆರಳಿಟ್ಟು ‘ದಾವ್ ಅ ದಯ್’, ಇಲ್ಲಿ ನೋವು, ಎಂದರೆ ಸಾಕು. ಬಲಗಡೆಯ ಕೆಳಹೊಟ್ಟೆಯೋ ಎದೆಗೂಡಿನ ಕೆಳಗೋ ಎಂಬುದನ್ನು ಪದಕ್ಕಿಂತ ಬೆರಳೇ ಚೆನ್ನಾಗಿ ಹೇಳುತ್ತದೆ. ವಾಂತಿಗೆ ಮಾತ್ರ ಉತ್ತರದಲ್ಲಿ ‘ನೋನ್’, ದಕ್ಷಿಣದಲ್ಲಿ ‘ಓಯ್’.

ಜ್ವರ, ಹೊಟ್ಟೆನೋವು ಎರಡನ್ನೂ ಕೂಡಿಯೇ ಹೇಳಬೇಕಾದ ಕಾರಣವಿದೆ. ಅಲ್ಲಿ ಡೆಂಗ್ಯೂ ಸಾಮಾನ್ಯ; ಅದರ ಹೆಸರು ‘ಸೋತ್ ಸುಅತ್ ಹುಯೆತ್’, ರಕ್ತಸ್ರಾವದ ಜ್ವರ. ನಾಲ್ಕೈದು ದಿನಗಳಲ್ಲಿ ತಾಪವಿಳಿದು, ರೋಗ ಹೋಯಿತೆಂದು ಮನೆಯವರು ನೆಮ್ಮದಿಗೊಳ್ಳುವ ಹೊತ್ತಿಗೇ ಹೊಟ್ಟೆನೋವು ಬಲವಾಗಿ, ವಾಂತಿ ನಿಲ್ಲದಿದ್ದರೆ ಅದು ಅಪಾಯದ ಸೂಚನೆ. ಆಗ ಮಾತು ಕೂಡಿಸುತ್ತ ಕೂರದೆ ಆಸ್ಪತ್ರೆಗೆ ಧಾವಿಸಬೇಕು. ಆಂಬುಲೆನ್ಸಿನ ಸಂಖ್ಯೆ 115. ಡೆಂಗ್ಯೂ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ನುಂಗಲಾಗದು. ಅವುಗಳಿಂದ ರಕ್ತಸ್ರಾವ ಹೆಚ್ಚೀತು.