ಅಪ್ಪನ ವಾಯ್ಸ್ ಮೆಸೇಜಿನಲ್ಲಿದ್ದ ಬೋರಿನ ಆಳ

ನಮ್ಮ ಮನೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಐದು ತಾಲ್ಲೂಕುಗಳಿವೆ. ಅಪ್ಪ, ಅಮ್ಮ ಕೊಟ್ಟೂರಿನ ಹತ್ತಿರ ಹೊಲದ ಮನೆಯಲ್ಲಿ. ಚಿಕ್ಕಪ್ಪನದು ಹಗರಿಬೊಮ್ಮನಹಳ್ಳಿ ಕಡೆ ದಾಳಿಂಬೆ ತೋಟ. ಅಕ್ಕನನ್ನು ಕೊಟ್ಟಿದ್ದು ಹಡಗಲಿಗೆ, ಮಲ್ಲಿಗೆ ಊರಿಗೆ. ಅಮ್ಮನ ತವರು ಹರಪನಹಳ್ಳಿ. ದೊಡ್ಡಪ್ಪನ ಮಕ್ಕಳು ಕೂಡ್ಲಿಗಿಯಲ್ಲಿ. ನಾನೊಬ್ಬ ಬೆಂಗಳೂರಿನಲ್ಲಿ ಕೋಡ್ ಬರೆಯುತ್ತ ಕೂತಿರುವವನು. ಬೆಳಿಗ್ಗೆ ಗುಡ್ ಮಾರ್ನಿಂಗ್ ಹೂವಿನ ಫೋಟೊಗಳ ನಡುವೆಯೇ ಮನೆಯ ಅಷ್ಟೂ ಲೆಕ್ಕಾಚಾರ ಇಲ್ಲಿ ನಡೆಯುತ್ತೆ. ಯಾವ ಹೊಲಕ್ಕೆ ಏನು ಬಿತ್ತಿದ್ರು, ಯಾರ ಮೋಟರ್ ಸುಟ್ತು, ಪಹಣಿಯಲ್ಲಿ ಯಾರ ಹೆಸರು ತಪ್ಪಾಗಿದೆ, ಎಲ್ಲವೂ.

ತೊಂದರೆ ಏನಂದ್ರೆ, ಅಪ್ಪ ಟೈಪ್ ಮಾಡಲ್ಲ. ವಾಯ್ಸ್ ಕಳಿಸ್ತಾರೆ. ವಾಟ್ಸ್‌ಆ್ಯಪ್‌ನ ಹುಡುಕು ಪಟ್ಟಿಯಲ್ಲಿ ‘ಮೋಟರ್’ ಅಂತ ಹಾಕಿದ್ರೆ ಆ ಧ್ವನಿಯೊಳಗಿನ ಮಾತು ಸಿಗಲ್ಲ. ಚಾಟ್ ಎಕ್ಸ್‌ಪೋರ್ಟ್ ಮಾಡಿ ಟೆಕ್ಸ್ಟ್ ಫೈಲ್ ತೆಗೆದಿಟ್ಟುಕೊಂಡರೂ ಅಷ್ಟೇ, ಸಾವಿರಾರು ಸಾಲುಗಳ ನಡುವೆ ಬೇಕಾದ ಒಂದು ಸಾಲು. ಅದೂ ಹೇಗಿರುತ್ತೆ? ‘ಮೊನ್ನೆ ಅದು ಮತ್ತ ಕೈಕೊಟ್ತು ನೋಡಪ.’ ಯಾವ ಮೊನ್ನೆ? ಯಾವ ಅದು? ಮಾತಾಡಿದ ದಿನ ಎಲ್ಲರಿಗೂ ಗೊತ್ತಿರುತ್ತೆ, ಎರಡು ವರ್ಷದ ಮೇಲೆ ಯಾರಿಗೂ ಗೊತ್ತಿರಲ್ಲ.

ಹಾಗಾಗಿ 2021ರಿಂದ ನಾನು ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಭಾನುವಾರ ಟೀ ಕುಡೀತಾ ಇಪ್ಪತ್ತು ನಿಮಿಷ ಗ್ರೂಪನ್ನು ಮೇಲಿಂದ ಕೆಳಗೆ ಓದಿ, ವಾಯ್ಸ್‌ಗಳನ್ನು ಕೇಳಿ, ಮುಂದೆ ಬೇಕಾಗಬಹುದಾದ ವಿಷಯವನ್ನು ಮಾತ್ರ ನನ್ನ ಮಾತಿನಲ್ಲಿ ಎರಡು ಮೂರು ಸಾಲು ಬರೆದು ಇಡೋದು. ಚಾಟನ್ನು ಕಾಪಿ ಮಾಡಲ್ಲ. ವಾರಕ್ಕೆ ನಾಲ್ಕೈದು ಟಿಪ್ಪಣಿ ಆಗಬಹುದು, ಕೆಲವು ವಾರ ಒಂದೂ ಇರಲ್ಲ. ಬರೆಯೋದು ಒಬ್ಸಿಡಿಯನ್ ಅನ್ನೋ ಆ್ಯಪ್‌ನಲ್ಲಿ. ಅದರ ಟಿಪ್ಪಣಿಗಳೆಲ್ಲ ಫೋನಿನಲ್ಲೇ ಸಾದಾ ಟೆಕ್ಸ್ಟ್ ಫೈಲುಗಳಾಗಿ ಉಳಿಯುತ್ತವೆ, ನಾಳೆ ಆ್ಯಪ್ ಬಿಟ್ಟರೂ ಫೈಲು ನಮ್ಮ ಹತ್ತಿರವೇ ಇರುತ್ತೆ. ಆ ಒಂದು ಕಾರಣಕ್ಕೆ ಅದನ್ನು ಹಿಡಿದೆ. ಒಂದು ಟಿಪ್ಪಣಿ ಹೀಗಿರುತ್ತೆ:

```
---
date: 2024-03-27
tags: [motor, bore, kottur]
---
ಮೇಲಿನ ಹೊಲದ ಮೋಟರ್ ಸುಟ್ಟಿತು.
ಮೂರೂ ವೈಂಡಿಂಗ್ ಒಂದೇ ಥರ ಕಪ್ಪು.
ಎರಡು ಪೈಪ್ ಹೆಚ್ಚಿಗೆ ಇಳಿಸಿದ್ದು. ಈಗ ಒಟ್ಟು 20.
ಹೇಳಿದವರು: ಅಪ್ಪ, ವಾಯ್ಸ್, 2024-03-29
[[ಮೇಲಿನ ಹೊಲದ ಬೋರ್]]
```

ಇದರಲ್ಲಿ ಎರಡು ತಾರೀಖು ಇದೆ ನೋಡಿ. ಮೇಲಿನದು ಮೋಟರ್ ಸುಟ್ಟ ದಿನ, ಕೆಳಗಿನದು ಅಪ್ಪ ಅದನ್ನು ಹೇಳಿದ ದಿನ. ಹಳ್ಳಿಯ ಮಾತಿನಲ್ಲಿ ಇವೆರಡೂ ಒಂದೇ ಆಗಿರೋದು ಕಡಿಮೆ. ‘ಅಮಾಸಿ ಆಗಿ ಮೂರು ದಿನಕ್ಕ’ ಅಂದ್ರೆ ಅವತ್ತೇ ಕ್ಯಾಲೆಂಡರ್ ನೋಡಿ ತಾರೀಖು ಮಾಡಿಕೊಳ್ಳಬೇಕು. ಬಿತ್ತನೆ ವಿಷಯವಾದ್ರೆ ಅಪ್ಪ ಮಳೆಯ ಹೆಸರಿನಲ್ಲೇ ಲೆಕ್ಕ ಹೇಳೋದು: ಮಘೆಯಾಗ ಬಿತ್ತಿದ್ವಿ, ಹುಬ್ಬಿಯಾಗ ಮಳಿ ಹೋತು. ಒಂದೊಂದು ಮಳೆ ನಕ್ಷತ್ರ ಹದಿಮೂರು ಹದಿನಾಲ್ಕು ದಿನ ಇರುತ್ತೆ. ಮಘೆ ಅಂದ್ರೆ ಆಗಸ್ಟ್ ಮಧ್ಯದಿಂದ ತಿಂಗಳ ಕೊನೆವರೆಗೆ. ಅಲ್ಲಿ ನಿಖರ ದಿನ ಗೊತ್ತಿಲ್ಲದಿದ್ದರೆ ನಾನು ಸುಳ್ಳು ತಾರೀಖು ಹಾಕಲ್ಲ, ಮಳೆ ಶುರುವಾದ ದಿನ ಹಾಕಿ ಪಕ್ಕದಲ್ಲಿ ಮಳೆಯ ಹೆಸರು ಬರೀತೀನಿ. ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ. ಫೈಲಿನ ಹೆಸರೂ ತಾರೀಖಿನಿಂದಲೇ ಶುರುವಾಗುತ್ತೆ. ಹೀಗೆ ಬರೆದರೆ ಹೆಸರಿನ ಪ್ರಕಾರ ಜೋಡಿಸಿದಾಗ ಫೈಲುಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ.

ಟ್ಯಾಗ್ ವಿಷಯದಲ್ಲಿ ನಾನು ಸ್ವಲ್ಪ ಜಿಪುಣ. ಎಲ್ಲ ಸೇರಿ ಇಪ್ಪತ್ತು ದಾಟಿಲ್ಲ. ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಇಟ್ಟಿದ್ದೇನೆ, ಕನ್ನಡದ ಮೇಲೆ ಸಿಟ್ಟೇನಿಲ್ಲ. ನಮ್ಮ ಭಾಷೆಯಲ್ಲಿ ಪದದ ಬಾಲ ಬದಲಾಗ್ತಾ ಇರುತ್ತೆ. ಮೋಟರ್, ಮೋಟರಿಗೆ, ಮೋಟರಿಂದು. ‘ಮೋಟರ್’ ಅಂತ ಹುಡುಕಿದ್ರೆ ‘ಮೋಟರಿಗೆ’ ಸಿಗಲ್ಲ, ಯಾಕಂದ್ರೆ ಕಂಪ್ಯೂಟರಿಗೆ ಕೊನೆಯ ಆ ಅರ್ಧಾಕ್ಷರದ ಗುರುತೂ ಒಂದು ಅಕ್ಷರವೇ. ಆ ಗುರುತು ಬಿಟ್ಟು ‘ಮೋಟರ’ ಅಂತ ಹುಡುಕಿದ್ರೆ ಮೂರೂ ಬರುತ್ತವೆ. ಆದರೂ ಯಾರೋ ‘ಮೋಟಾರು’ ಅಂತ ಬರೆದದ್ದು ತಪ್ಪಿಹೋಗುತ್ತೆ. ಇನ್ನು ಹಗರಿಬೊಮ್ಮನಹಳ್ಳಿಯನ್ನು ಪೂರ್ತಿ ಬರೆಯೋರು ಯಾರು? ಎಚ್‌ಬಿ ಹಳ್ಳಿ ಅಂತೀವಿ. ಆ ‘ಚ್’ ಮತ್ತು ‘ಬಿ’ ಒತ್ತಕ್ಷರವಾಗದ ಹಾಗೆ ತಡೆಯೋಕೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತೆ. ಎಲ್ಲರ ಬರಹದಲ್ಲೂ ಅದು ಇದ್ದೇ ಇರುತ್ತೆ ಅಂತಿಲ್ಲ, ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಹುಡುಕಾಟ ಹೊಂದಲ್ಲ. `hbhalli` ಅಂತ ಟ್ಯಾಗ್ ಹಾಕಿದ್ರೆ ಈ ಕಾಟವಿಲ್ಲ.

ಜಿಲ್ಲೆಯ ಹೆಸರಿನ ಟ್ಯಾಗ್ ಮಾತ್ರ ಬೇಡವೇ ಬೇಡ. ನಮ್ಮ ಕಡೆಯವರಿಗೆ ಕಾರಣ ಹೇಳಬೇಕಿಲ್ಲ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯ್ತು, ತಿರುಗಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆ ಆಯ್ತು. ಕೂಡ್ಲಿಗಿ ತಾಲ್ಲೂಕಿನಲ್ಲಿದ್ದ ಕೊಟ್ಟೂರು ತಾನೇ ಒಂದು ತಾಲ್ಲೂಕಾಯ್ತು. ಅಮ್ಮನ ತವರಿನ ಜಮೀನಿನ ಕಾಗದಗಳಲ್ಲಿ ಒಂದೇ ಊರು ಮೂರು ಜಿಲ್ಲೆಗಳಲ್ಲಿದೆ. ಊರಿನ ಹೆಸರಿಗೆ ಟ್ಯಾಗ್, ಕಾಗದದ ತಾರೀಖಿಗೆ ತಾರೀಖು, ಅಷ್ಟಿದ್ದರೆ ಯಾವ ಕಾಲದ ಯಾವ ಕಚೇರಿ ಅನ್ನೋದು ತಿಳಿಯುತ್ತೆ.

ಇಷ್ಟೆಲ್ಲ ಕೇಳಿ ನನ್ನ ರೂಂಮೇಟ್ ನಗ್ತಿದ್ದ, ಆಫೀಸಿಗಿಂತ ಜಾಸ್ತಿ ಡಾಕ್ಯುಮೆಂಟೇಶನ್ ಮನೆಗೆ ಮಾಡ್ತೀಯಲ್ಲೋ ಅಂತ.

ಹೋದ ವರ್ಷ, 2025ರ ಏಪ್ರಿಲ್‌ನಲ್ಲಿ ಅಪ್ಪನಿಗೆ ದಾವಣಗೆರೆಯಲ್ಲಿ ಹಾರ್ಟ್ ಆಪರೇಷನ್ ಆಯ್ತು. ಐಸಿಯು ಹೊರಗೆ ನಾನು, ಅಮ್ಮ ಕೂತಿದ್ವಿ. ಮಧ್ಯಾಹ್ನ ಚಿಕ್ಕಪ್ಪನ ಫೋನ್. ಮೇಲಿನ ಹೊಲದ ಬೋರು ಹತ್ತು ನಿಮಿಷ ನೀರು ಕೊಟ್ಟು ಆಮೇಲೆ ಬರೀ ಗಾಳಿ ಬಿಡ್ತಿದೆ. ಟೊಮೆಟೊ ಹೂವಿಗೆ ಬಂದಿತ್ತು, ಆ ಬಿಸಿಲಿನಲ್ಲಿ ನೀರಿಲ್ಲದೆ ಎಷ್ಟು ದಿನ ತಡೆದೀತು.

‘ಮಿಸ್ತ್ರಿ ಬಂದಾನ. ನಾಕು ಪೈಪ್ ಇಳಿಸೋಣು ಅಂತಾನ. ಬೋರು ಎಷ್ಟು ಫೂಟ್ ಐತಿ, ಅಣ್ಣಗ ಅಷ್ಟೇ ಗೊತ್ತು. ನೀ ಏನರ ಬರ್ದಿಟ್ಟೀಯೇನಪ?’

ಇಳಿದಿರುವ ಪೈಪುಗಳನ್ನು ಮೇಲೆತ್ತುವಾಗ ಎಣಿಸಬಹುದು. ಕೊರೆದ ಆಳವನ್ನು ಎಣಿಸೋಕೆ ಆಗಲ್ಲ, ಅದು ಕೊರೆಸಿದವರ ತಲೆಯಲ್ಲೇ ಇರೋದು, ಅಪ್ಪನ ಮೂಗಿಗೆ ನಳಿಗೆ ಹಾಕಿದ್ರು. ನಾನು ಫೋನಿನಲ್ಲೇ `tag:#bore` ಅಂತ ಹುಡುಕಿದೆ. ‘ಮೇಲಿನ ಹೊಲದ ಬೋರ್’ ಅನ್ನೋ ಒಂದು ತಾಯಿ ಪುಟ ಇದೆ, ಆ ಬೋರಿಗೆ ಸಂಬಂಧಿಸಿದ ಪ್ರತಿ ಟಿಪ್ಪಣಿಯ ಕೊನೆಗೆ ಅದರ ಕೊಂಡಿ ಹಾಕಿರ್ತೀನಿ. ಪುಟ ತೆರೆದರೆ ಅದಕ್ಕೆ ಜೋಡಿಸಿದ ಟಿಪ್ಪಣಿಗಳೆಲ್ಲ ಕೆಳಗೆ ಸಾಲಾಗಿ ಬರುತ್ತವೆ. ಅದರಲ್ಲಿ 2022ರ ಒಂದು ಸಾಲು: ‘ಬೋರು 460 ಅಡಿ. ಅಪ್ಪ, ವಾಯ್ಸ್.’ ಪಕ್ಕದ ಹೊಲದವರು ಹೊಸ ಬೋರು ಹಾಕಿಸಿದಾಗ ನಮ್ಮದು ಎಷ್ಟು ಅಂತ ಅಪ್ಪ ಹೋಲಿಸಿ ಹೇಳಿದ್ದು, ಮಾತಿನ ನಡುವೆ ಬಂದದ್ದು.

ಲೆಕ್ಕ ಹಾಕಿದ್ವಿ. ಪೈಪ್ ಒಂದಕ್ಕೆ 20 ಅಡಿ. ಈಗಾಗಲೇ 20 ಪೈಪ್, ಅಂದ್ರೆ 400 ಅಡಿ. ಮಿಸ್ತ್ರಿ ಹೇಳಿದ ಹಾಗೆ ನಾಲ್ಕು ಇಳಿಸಿದ್ರೆ 480, ಬೋರಿನ ತಳಕ್ಕಿಂತ ಕೆಳಗೆ! ಮೂರು ಇಳಿಸಿದ್ರೆ ಮೋಟರ್ ಹೋಗಿ ತಳದ ರಾಡಿಯಲ್ಲಿ ಕೂರುತ್ತೆ. ಎರಡೇ ಸರಿ, ಕೆಳಗೆ 20 ಅಡಿ ಬಿಡುವು.

ಅಷ್ಟರಲ್ಲಿ ನನ್ನ ಕಣ್ಣು ಆ ಪುಟದ ತಾರೀಖುಗಳ ಮೇಲೆ ಹೋಯ್ತು. 2021-04-18, 2023-05-06, 2024-03-27. ಮೂರು ಸಲ ಸುಟ್ಟಿದೆ, ಮೂರೂ ಬೇಸಿಗೆಯಲ್ಲಿ. 2023ರಲ್ಲಿ ಮಳೆ ಕೈಕೊಟ್ಟು ಬರ ಬಿದ್ದ ಮೇಲೆ ಬಂದ ಬೇಸಿಗೆಯಲ್ಲಿ ಮಾರ್ಚ್‌ಗೇ ಸುಟ್ಟಿದೆ. ಮೂರರಲ್ಲೂ ‘ಮೂರೂ ವೈಂಡಿಂಗ್ ಒಂದೇ ಥರ ಕಪ್ಪು’ ಅಂತ ಇದೆ. ಇದು ಸಣ್ಣ ಮಾತಲ್ಲ. ಕರೆಂಟಿನ ಒಂದು ಫೇಸ್ ಹೋಗಿ ಸುಟ್ಟರೆ ಮೂರರಲ್ಲಿ ಒಂದೋ ಎರಡೋ ಸುತ್ತು ಮಾತ್ರ ಕಪ್ಪಾಗಿ ಉಳಿದದ್ದು ಚೆನ್ನಾಗಿರುತ್ತೆ. ಎಲ್ಲವೂ ಸಮನಾಗಿ ಕಪ್ಪಾದರೆ ಇಡೀ ಮೋಟರೇ ಕಾದಿದೆ ಅಂತ ಅರ್ಥ. ಬೋರಿನೊಳಗಿನ ಮೋಟರ್ ತಣ್ಣಗಿರೋದು ಸುತ್ತ ಹರಿಯುವ ನೀರಿನಿಂದ. ನೀರು ಕೆಳಗೆ ಹೋಗಿ ಬರೀ ಗಾಳಿ ಎಳೆಯೋಕೆ ಶುರು ಮಾಡಿದ್ರೆ ತಣಿಸೋಕೆ ಏನೂ ಇಲ್ಲ. ವೋಲ್ಟೇಜ್ ಕಡಿಮೆಯಾದರೂ ಹೀಗೇ ಸಮನಾಗಿ ಸುಡಬಹುದು, ಆದರೆ ಬೇಸಿಗೆಯ ತಾರೀಖುಗಳ ಜೊತೆ ಈಗ ಬರ್ತಿದ್ದ ಗಾಳಿಯನ್ನೂ ಇಟ್ಟು ನೋಡಿದ್ರೆ ನೀರಿನ ಕಡೆಗೇ ಬೆರಳು ಹೋಗುತ್ತೆ. ನಾವು ಮಾತ್ರ 2023ರಲ್ಲಿ ಫೇಸ್ ಹೋದರೆ ನಿಲ್ಲಿಸೋ ಡಬ್ಬಿ ಹಾಕಿಸಿ ಸಮಾಧಾನವಾಗಿದ್ವಿ. ಅದು ತನ್ನ ಕೆಲಸ ಮಾಡ್ತಾನೇ ಇತ್ತು, ಕಾಯಿಲೆ ಬೇರೆ ಇತ್ತು.

ಮಿಸ್ತ್ರಿಗೆ ಫೋನ್ ಕೊಡಿಸಿ ಮೂರು ತಾರೀಖು ಓದಿ ಹೇಳಿದೆ. ಆತ ಒಂದು ಕ್ಷಣ ಸುಮ್ಮನಿದ್ದು, ‘ಹೌದ್ರಿ, ಒಣ ಓಡೈತಿ. ಡ್ರೈ ರನ್ ಹಾಕ್ಸ್ರಿ’ ಅಂದ. ನೀರು ಖಾಲಿಯಾದಾಗ ಪಂಪಿನ ಮೇಲೆ ಭಾರ ಕಡಿಮೆಯಾಗಿ ಮೋಟರ್ ಎಳೆಯುವ ಆಂಪ್ಸ್ ಇಳಿಯುತ್ತೆ. ಅದನ್ನು ಗಮನಿಸಿ ಸ್ಟಾರ್ಟರನ್ನು ಬೀಳಿಸುವ ಸಾಧನ ಅದು. ಅವತ್ತೇ ಚಿಕ್ಕಪ್ಪ ಎರಡು ಪೈಪ್, ಕೇಬಲ್, ಆ ಡಬ್ಬಿ ತಂದು ಹಾಕಿಸಿದರು. ಟೊಮೆಟೊ ಉಳಿದ್ವು, ರೇಟು ಸಿಗಲಿಲ್ಲ, ಅದು ಬೇರೆ ಕಥೆ.

ಈ ಪದ್ಧತಿಗೆ ಮಿತಿಯೂ ಇದೆ. ಟಿಪ್ಪಣಿಯಲ್ಲಿ ‘ಹೇಳಿದವರು’ ಅನ್ನೋ ಸಾಲು ಇಡೋದೇ ಅದಕ್ಕೆ. 460 ಅಡಿ ಅನ್ನೋದು ಅಪ್ಪನ ನೆನಪು, ಅಳತೆ ಅಲ್ಲ. ಮಿಸ್ತ್ರಿ ಕಲ್ಲು ಕಟ್ಟಿದ ದಾರ ಇಳಿಸಿ ನೋಡಿದಾಗ 452 ಬಂತು. ಹೂಳು ತುಂಬಿರಬಹುದು. ಈಗ ಅದೂ ಹೊಸ ತಾರೀಖಿನೊಂದಿಗೆ ಪುಟದಲ್ಲಿದೆ, ಹಳೆಯದನ್ನು ಅಳಿಸಿಲ್ಲ. ಇನ್ನೊಂದು, ಮನೆಯ ಗ್ರೂಪಿನಲ್ಲಿ ಬರುವ ಎಲ್ಲವೂ ಬರೆದಿಡುವಂಥದ್ದಲ್ಲ. ಆಧಾರ್ ನಂಬರ್, ಬ್ಯಾಂಕಿನ ಒಟಿಪಿ, ಅತ್ತೆ ಸೊಸೆ ಜಗಳ ಇವನ್ನು ನಾನು ಮುಟ್ಟಲ್ಲ. ಟಿಪ್ಪಣಿಗಳ ಫೋಲ್ಡರನ್ನು ತಿಂಗಳಿಗೊಮ್ಮೆ ಲ್ಯಾಪ್‌ಟಾಪಿಗೆ ಕಾಪಿ ಮಾಡ್ತೀನಿ, ಫೋನ್ ಕಳೆದರೆ ಎಲ್ಲವೂ ಹೋಗಬಾರದಲ್ಲ.

ಅಪ್ಪ ಈಗ ಚೆನ್ನಾಗಿದ್ದಾರೆ. ವಾಯ್ಸ್ ಕಳಿಸೋದು ನಿಂತಿಲ್ಲ, ಆದರೆ ಶುರುವಿನಲ್ಲೇ ‘ಇವತ್ತು ತಾರೀಖು ಹನ್ನೆರಡು’ ಅಂತ ರೇಡಿಯೊದವರ ಥರ ಹೇಳ್ತಾರೆ. `tag:#bore` ಪುಟದಲ್ಲಿ ಒಂದು ಸಾಲು ಇನ್ನೂ ತೆರೆದೇ ಇದೆ: ಡ್ರೈ ರನ್ ಡಬ್ಬಿ ದಿನಕ್ಕೆ ಎಷ್ಟು ಸಲ ಬೀಳ್ತಿದೆ, ಫೆಬ್ರವರಿಯಿಂದ ಎಣಿಸಿ ಬರೆಯಬೇಕು.