ಘಾಟಿ ಹತ್ತಿದ ಪೆಟ್ರೋಲ್ ಯಾರ ಲೆಕ್ಕಕ್ಕೆ?

ವರ್ಷದ ನಡುವೆ ಪಾಲುದಾರ ತೀರಿಕೊಂಡರೆ ಅವನ ಲಾಭದ ಪಾಲನ್ನು ಕಾಲದ ಆಧಾರದಲ್ಲೋ ಮಾರಾಟದ ಆಧಾರದಲ್ಲೋ ಕಂಡುಹಿಡಿಯಬೇಕು ಎಂದು ನಮ್ಮ ಲೆಕ್ಕಶಾಸ್ತ್ರದ ಪಾಠದಲ್ಲಿದೆ. ಎರಡರ ಉತ್ತರ ಬೇರೆ ಬೇರೆ ಬರುತ್ತದೆ. ಇದು ಕಾರಿನ ಪ್ರಯಾಣಕ್ಕೂ ಒಪ್ಪುತ್ತದೆ ಎಂದು ನನಗೆ ಗೊತ್ತಾಗಿದ್ದು ಒಂದು ಮದುವೆ ಮುಗಿಸಿ ಮಂಗಳೂರಿನಿಂದ ಬೆಂಗಳೂರಿಗೆ ಬಂದಾಗ.

ಹೊರಟವರು ಭಾಯಿಜಾನ್, ಚಾಚಾನ ಮಗ ಮತ್ತು ನಾನು. ಸಕಲೇಶಪುರದಲ್ಲಿ ಖಾಲಾನ ಮಕ್ಕಳಿಬ್ಬರು ಹತ್ತಿಕೊಂಡರು. ಒಟ್ಟು 26 ಲೀಟರ್ ಪೆಟ್ರೋಲ್. ಲೆಕ್ಕ ಸುಲಭವಾಗಲಿ ಎಂದು ಲೀಟರಿಗೆ 100 ರೂಪಾಯಿ ಹಿಡಿದೆವು. ಭಾಯಿಜಾನ್ 2,600ನ್ನು ಐದರಿಂದ ಭಾಗಿಸಿ ತಲೆಗೆ 520 ಎಂದರು. ಖಾಲಾನ ಚಿಕ್ಕ ಮಗ ಮಾತಾಡದೆ ಕೊಟ್ಟ. ಅವನಿನ್ನೂ ಮೊಬೈಲ್ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಾನೆ. ಸಕಲೇಶಪುರದಿಂದ ಕೆಂಪು ಬಸ್ಸಿಗೆ ಬಂದಿದ್ದರೂ ಅಷ್ಟಾಗುತ್ತಿರಲಿಲ್ಲ. ಮುಂದಿನ ಸಲ ಕರೆದರೆ ಅವನು ಏನಾದರೂ ನೆಪ ಹೇಳುತ್ತಾನೆ ಎಂದು ನನಗನಿಸಿತು.

‘ಕಿಲೋಮೀಟರ್ ಪ್ರಕಾರ ಹಂಚೋಣ’ ಎಂದ ಚಾಚಾನ ಮಗ. ಸಕಲೇಶಪುರದವರೆಗೆ ಸುಮಾರು 130 ಕಿ.ಮೀ., ಅಲ್ಲಿಂದ 225. ಪ್ರತಿಯೊಬ್ಬರೂ ಕೂತ ಕಿಲೋಮೀಟರ್‌ಗಳನ್ನೆಲ್ಲ ಕೂಡಿಸಿದರೆ 1,515. ಆ ದರದಲ್ಲಿ ನಡುವೆ ಹತ್ತಿದವರಿಗೆ ತಲಾ 386, ನಮಗೆ 609. ನ್ಯಾಯವೆಂದೇ ಕಾಣುತ್ತದೆ. ಆದರೆ ಶಿರಾಡಿ ಘಾಟಿ ಹತ್ತುವ ಕಿಲೋಮೀಟರಿಗೂ ಹಾಸನ ದಾಟಿದ ಮೇಲಿನ ಕಿಲೋಮೀಟರಿಗೂ ಇಲ್ಲಿ ಒಂದೇ ಬೆಲೆ. ಮೂವರೇ ಕೂತಿದ್ದ ಕಿಲೋಮೀಟರಿಗೂ ಐವರು ಕೂತಿದ್ದಕ್ಕೂ ಒಂದೇ ಬೆಲೆ. ಇದು ಕಾಲದ ಆಧಾರ ಇದ್ದ ಹಾಗೆ.

ಭಾಯಿಜಾನ್‌ಗೆ ಮೈಲೇಜ್ ನೋಡುವ ಹುಚ್ಚು. ಮಂಗಳೂರಿನಲ್ಲಿ ಟ್ಯಾಂಕ್ ತುಂಬಿಸಿದ್ದರು, ಸಕಲೇಶಪುರದಲ್ಲಿ ಮತ್ತೆ ತುಂಬಿಸಿದಾಗ 12 ಲೀಟರ್ ಹಿಡಿಯಿತು. ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ತೆವಳಿದ್ದಕ್ಕೆ ಲೀಟರಿಗೆ 11 ಕಿ.ಮೀ. ಕೂಡ ಬಂದಿರಲಿಲ್ಲ. ಬೆಂಗಳೂರಿನಲ್ಲಿ ತುಂಬಿಸಿದಾಗ 14 ಲೀಟರ್, ಅಂದರೆ 16 ಕಿ.ಮೀ. ಹಾಗಾಗಿ ಮೊದಲ 1,200ನ್ನು ಮೂವರಿಗೆ ಹಂಚಿದರೆ ತಲಾ 400. ನಂತರದ 1,400ನ್ನು ಐವರಿಗೆ ಹಂಚಿದರೆ ತಲಾ 280. ನಮ್ಮ ಪಾಲು 680, ಅವರದು 280.

‘ಅವರನ್ನು ಹತ್ತಿಸಿಕೊಂಡಿದ್ದಕ್ಕೆ ನಮಗೇ ದಂಡವಾ?’ ಎಂದರು ಭಾಯಿಜಾನ್. ಮೂವರೇ ಬಂದಿದ್ದರೆ ಹೆಚ್ಚುಕಡಿಮೆ ಇಷ್ಟೇ ಪೆಟ್ರೋಲಿಗೆ ತಲಾ 867 ಆಗುತ್ತಿತ್ತು ಎಂದು ತೋರಿಸಿದೆ. ಅವರಿಬ್ಬರಿಗೂ 240 ವಾಪಸ್ ಹೋಯಿತು. ನನ್ನಿಂದ ಇನ್ನೂ 160 ಕೇಳಿದರು, ಕೊಟ್ಟೆ.

ಈ ಹಿಸಾಬಿಗೆ ಒಂದು ಶರತ್ತಿದೆ. ಹೊಸಬರು ಹತ್ತುವ ಊರಿನಲ್ಲೇ ಟ್ಯಾಂಕ್ ತುಂಬಿಸಬೇಕು, ಪ್ರತಿ ಸಲವೂ ನಾಜಲ್ ಮೊದಲ ಬಾರಿ ತಾನಾಗಿ ನಿಂತ ಕಡೆಗೇ ಬಿಡಬೇಕು. ಒಮ್ಮೆ ಹಾಗೆ ಬಿಟ್ಟು ಇನ್ನೊಮ್ಮೆ ಬಾಯಿವರೆಗೆ ತುಂಬಿಸಿದರೆ ಆ ಪೆಟ್ರೋಲ್ ಒಬ್ಬರ ಪಾಲಿನಿಂದ ಇನ್ನೊಬ್ಬರ ಪಾಲಿಗೆ ಜಾರುತ್ತದೆ. ಟೋಲ್ ಲೆಕ್ಕ ಇದಕ್ಕಿಂತ ಸುಲಭ. ಫಾಸ್ಟ್ಯಾಗ್ ಮೆಸೇಜಿನ ಸಮಯ ನೋಡಿದರೆ ಆಗ ಕಾರಿನಲ್ಲಿ ಯಾರಿದ್ದರೆಂದು ತಿಳಿಯುತ್ತದೆ.