ಪರದೆ ಒಬ್ಬನಿಗೆ, ಕಾಗದ ನಾಲ್ವರಿಗೆ

ಕಿಣ್ಣಿ ಸುಲ್ತಾನದ ನಮ್ಮ ಟ್ಯೂಷನ್ ಕೇಂದ್ರಕ್ಕೆ ಸಂಜೆ ಬರುವ ಮಕ್ಕಳು 15. ಅವರ ಜೊತೆ ಬರುವ ಫೋನು ನಾಲ್ಕು, ಅದೂ ಅಪ್ಪ ಹೊಲದಿಂದ ಮನೆಗೆ ಬಂದಿದ್ದರೆ. ಅದರಲ್ಲಿ ಒಂದು ಹೊಸದು, ಎರಡು ಹಳೆಯವು, ಇನ್ನೊಂದು ಗುಂಡಿ ಒತ್ತುವ ಫೋನು. ಕೇಂದ್ರದ್ದು ಅಂತ ನಮ್ಮ ಹತ್ತಿರ ಒಂದಿದೆ, ಅದೂ ಬಳಸಿದ್ದನ್ನೇ ಕೊಂಡದ್ದು. ನೆಟ್‌ವರ್ಕು ಹೊರಗೆ ಕಟ್ಟೆಯ ಮೇಲೆ ಎರಡು ಕಡ್ಡಿ ತೋರಿಸುತ್ತದೆ, ಒಳಗೆ ಬಂದರೆ ಅದೂ ಇಲ್ಲ.

ಮಕ್ಕಳಿಗೆ ಕೂಡಿ ಕೆಲಸ ಮಾಡೋದನ್ನು ಆಟದಿಂದ ಕಲಿಸಬೇಕು ಅಂತ ನಾವು ಕೂತಾಗ ಮೊದಲು ಎದ್ದದ್ದು ನೆಟ್ಟಿನ ಪ್ರಶ್ನೆಯಲ್ಲ, ಗೌಡಿಕೆಯ ಪ್ರಶ್ನೆ. ಫೋನು ಯಾರದೋ ಅವನೇ ಗೌಡ. ಅವನು ಆಡುತ್ತಾನೆ, ಉಳಿದವರು ಹೆಗಲ ಮೇಲಿಂದ ಇಣುಕುತ್ತಾರೆ. ಒಬ್ಬ ಹುಡುಗ ಬಾಯಿಬಿಟ್ಟೇ ಹೇಳಿದ: ‘ಸರ, ಕೇರಿ ಹುಡುಗ್ರ ಕೈಯಾಗ ಫೋನ್ ಕೊಡಬ್ಯಾಡ ಅಂದಾರ ನಮ್ಮ ಮನ್ಯಾಗ.’ ಅವನದೇನು ತಪ್ಪು? ಅವನಿಗೆ ಹೇಳಿಕೊಟ್ಟದ್ದನ್ನು ಅವನು ಹೇಳಿದ. ಆದರೆ ಊರಿನ ಓಣಿಯನ್ನೇ ಮತ್ತೆ ಪರದೆಯ ಸುತ್ತ ಕಟ್ಟುವ ಆಟ ನಮಗೆ ಬೇಡವಾಗಿತ್ತು.

ಹಾಗಾಗಿ ಎರಡು ಪರೀಕ್ಷೆ ಇಟ್ಟುಕೊಂಡೆವು. ಒಂದು, ಆಟವನ್ನು ಆಳಂದದಲ್ಲಿ ಇಳಿಸಿಕೊಂಡು, ಅಲ್ಲೇ ಒಮ್ಮೆ ತೆರೆದು, ಆಮೇಲೆ ಫೋನನ್ನು ವಿಮಾನದ ಮೋಡಿಗೆ ಹಾಕಿ ಮತ್ತೆ ತೆರೆಯುವುದು. ತೆರೆದ ಕೂಡಲೇ ಹೆಸರು, ಗುಟ್ಟಿನ ಪದ, ಸರ್ವರು ಅಂತ ಕೇಳಿತೋ, ಅಲ್ಲಿಗೇ ಬಿಟ್ಟೆವು. ಮಕ್ಕಳ ಬಾಯಲ್ಲಿದ್ದ ಫ್ರೀ ಫೈರು, ರೋಬ್ಲಾಕ್ಸು ಇಲ್ಲೇ ಬಿದ್ದವು. ಇನ್ನೊಂದು, ಫೋನು ಇಲ್ಲದವನಿಗೆ ಅದರಲ್ಲಿ ಏನು ಕೆಲಸ ಅಂತ ಕೇಳುವುದು.

ಈ ಎರಡನೆಯದರಲ್ಲಿ ಸ್ಪೇಸ್‌ಟೀಮ್ ಎಂಬ ಆಟ ಬಿತ್ತು. ಕೆನಡಾದ ಹೆನ್ರಿ ಸ್ಮಿತ್ 2012ರಲ್ಲಿ ಹೊರತಂದದ್ದು. ನಿನ್ನ ಪರದೆಗೆ ಆಜ್ಞೆ ಬರುತ್ತದೆ, ತಿರುಗಿಸಬೇಕಾದ ಗುಂಡಿ ಇನ್ನೊಬ್ಬನ ಪರದೆಯಲ್ಲಿ ಇರುತ್ತದೆ, ಕೂಗಿ ಹೇಳಬೇಕು. ಒಂದು ಫೋನಿನ ಹಾಟ್‌ಸ್ಪಾಟು ಹಾಕಿದರೆ ಉಳಿದವು ಅದಕ್ಕೆ ಸೇರುತ್ತವೆ, ಮಾತು ಫೋನಿನಿಂದ ಫೋನಿಗೆ ಹೋಗುತ್ತದೆ, ಹೊರಗಿನ ನೆಟ್ಟು ಬೇಕಿಲ್ಲ. ಹೊಸ ಫೋನಿನ ಹಾಟ್‌ಸ್ಪಾಟು 5 ಗಿಗಾಹರ್ಟ್ಸಿನಲ್ಲಿದ್ದರೆ ಹಳೆಯವಕ್ಕೆ ಅದು ಕಾಣುವುದೇ ಇಲ್ಲ, 2.4ಕ್ಕೆ ಇಳಿಸಬೇಕು. ಸೇರಿದ ಫೋನು ‘ಇದರಲ್ಲಿ ಇಂಟರ್‌ನೆಟ್ ಇಲ್ಲ’ ಅಂತ ತಾನೇ ಕಳಚಿಕೊಳ್ಳುವುದೂ ಉಂಟು, ಅದರ ಡೇಟಾ ಆರಿಸಿದರೆ ನಿಲ್ಲುತ್ತದೆ. ಇದೆಲ್ಲ ಸರಿಹೋಗುವ ಮಾತು. ಸರಿಹೋಗದ ಮಾತೆಂದರೆ ತಲೆಗೊಂದು ಫೋನು ಬೇಕು. ನಾಲ್ಕು ಜನ ಆಡಿ 11 ಜನ ನೋಡುವುದಾದರೆ ಆಟ ಎಷ್ಟು ಚೆಂದಿದ್ದರೇನು?

ಕೊನೆಗೆ ನಾವು ಆರಿಸಿದ್ದು ಕೀಪ್ ಟಾಕಿಂಗ್ ಅಂಡ್ ನೋಬಡಿ ಎಕ್ಸ್‌ಪ್ಲೋಡ್ಸ್. ಹೆಸರು ಉದ್ದವಾಯಿತು, ಮಕ್ಕಳು ಅದನ್ನು ‘ಬಾಂಬ್ ಆಟ’ ಅಂತಾರೆ. ಕೆನಡಾದ ಸ್ಟೀಲ್ ಕ್ರೇಟ್ ಗೇಮ್ಸ್‌ನವರು 2015ರಲ್ಲಿ ತಂದದ್ದು. ಪರದೆಯ ಮೇಲೆ ಒಂದು ಬಾಂಬು, ಅದನ್ನು ನೋಡುವವನು ಒಬ್ಬನೇ. ಅದನ್ನು ಆರಿಸುವ ದಾರಿ ಇರುವುದು 23 ಪುಟದ ಕೈಪಿಡಿಯಲ್ಲಿ, ಅದನ್ನು ಹಿಡಿದವರು ಪರದೆ ನೋಡಬಾರದು. ಆಟಕ್ಕೆ ಒಂದೇ ಸಲ ದುಡ್ಡು, ಒಂದೇ ಫೋನಿಗೆ. ಕೈಪಿಡಿ bombmanual.com ನಲ್ಲಿ ಪುಕ್ಕಟೆ. ಕೇಂದ್ರದ ಫೋನಿಗೇ ಹಾಕಿಸಿದೆವು. ಮನೆಯ ಫೋನು ಮನೆಯವರ ಜೇಬಿನಲ್ಲೇ ಇರಲಿ, ನಮಗದು ಬೇಡ. ಇಲ್ಲಿ ಫೋನು ಹಿಡಿದವನು ಕುರುಡ, ಕಾಗದ ಹಿಡಿದವರು ಹೇಳದೆ ಅವನ ಬೆರಳು ಆಡುವಂತಿಲ್ಲ. ನಮಗೆ ಬೇಕಾದದ್ದು ಅದೇ. ಬಾಂಬು ಅಂದಾಗ ಒಬ್ಬ ತಾಯಿ ಹೌಹಾರಿದಳು, ತೋರಿಸಿದ ಮೇಲೆ ನಕ್ಕಳು.

ಮೊದಲ ಬಾಂಬಿಗೆ ಐದು ನಿಮಿಷ, ಬಿಡಿಸಬೇಕಾದ ಗಂಟು ಮೂರು. ತಪ್ಪು ಮಾಡಿದರೆ ಗಡಿಯಾರ ಜೋರಾಗಿ ಓಡುತ್ತದೆ, ಮೂರನೇ ತಪ್ಪಿಗೆ ಸಿಡಿಯುತ್ತದೆ. 23 ಪುಟವೂ ಇಂಗ್ಲಿಷು. ಮೊದಲ ಬಾಂಬಿಗೆ ಬೇಕಾದ ತಂತಿ, ಗುಂಡಿ, ಚಿಹ್ನೆಗಳ ಪುಟ ಮೂರನ್ನೇ ಕನ್ನಡಕ್ಕೆ ಇಳಿಸಿ, ಕೈಯಲ್ಲಿ ಬರೆದು, ಆಳಂದದಲ್ಲಿ ಝೆರಾಕ್ಸ್ ಮಾಡಿಸಿದೆವು. ಗುಂಡಿಯ ಮೇಲಿನ ಇಂಗ್ಲಿಷು ಪದಗಳನ್ನು ಮಾತ್ರ ಹಾಗೇ ಬಿಟ್ಟೆವು, ಪರದೆಯಲ್ಲಿ ಅವೇ ಬರುತ್ತವಲ್ಲ.

ತಂತಿಯದೊಂದನ್ನೇ ನೋಡಿ. ಮೂರು ತಂತಿ ಇದ್ದರೆ ನಿಯಮ ನಾಲ್ಕು. ಕೆಂಪು ಇಲ್ಲದಿದ್ದರೆ ಎರಡನೆಯದನ್ನು ಕತ್ತರಿಸು. ಹಾಗಲ್ಲವಾದರೆ, ಕೊನೆಯ ತಂತಿ ಬಿಳಿಯಾಗಿದ್ದರೆ ಆ ಕೊನೆಯದನ್ನು. ಅದೂ ಅಲ್ಲವಾದರೆ, ನೀಲಿ ಒಂದಕ್ಕಿಂತ ಹೆಚ್ಚಿದ್ದರೆ ಕೊನೆಯ ನೀಲಿಯನ್ನು. ಯಾವುದೂ ಅಲ್ಲವಾದರೆ ಕೊನೆಯ ತಂತಿಯನ್ನು. ಮೇಲಿನಿಂದ ಓದುತ್ತ ಬಂದು ಮೊದಲು ಹೊಂದಿದ್ದಕ್ಕೆ ನಿಲ್ಲಬೇಕು.

ಒಂದು ದಿನ ಪರದೆಯಲ್ಲಿ ಮೇಲಿನಿಂದ ಕೆಳಕ್ಕೆ ನೀಲಿ, ನೀಲಿ, ಕೆಂಪು. ಫೋನಿನ ಹುಡುಗ ‘ಎರಡು ನೀಲಿ, ಒಂದು ಕೆಂಪ ಅದ’ ಅಂದ. ಸಾಲು ಹೇಳಲಿಲ್ಲ. ಕಾಗದದ ಹುಡುಗಿ ಸರಿಯಾಗಿಯೇ ಮೂರನೆಯ ನಿಯಮಕ್ಕೆ ಬಂದು ‘ಕೊನೀದು ಕಡಿ’ ಅಂದಳು. ‘ನೀಲಿ’ ಅನ್ನುವ ಮಾತು ಬಾಯಲ್ಲೇ ಉಳಿಯಿತು. ಅವನು ಕೆಳಗಿನ ಕೆಂಪು ಕಡಿದ. ತಪ್ಪು! ಕಡಿಯಬೇಕಾದದ್ದು ನಡುವಿನದು. ‘ನೀ ಹೇಳಿದ್ದೇ ಹಂಗ’, ‘ನೀ ಕೇಳಿದ್ದೇ ಹಂಗ’ ಅಂತ ಜಗಳ. ಅವರಿಬ್ಬರ ನಡುವೆ ಮಾತೇ ಇಲ್ಲದ ವರ್ಷಗಳುಂಟು, ಜಗಳವಾದರೂ ಆಯಿತಲ್ಲ ಅಂತ ನಾವು ಸುಮ್ಮನಿದ್ದೆವು. ಆಮೇಲೆ ಮಕ್ಕಳೇ ಒಂದು ಕಟ್ಟಳೆ ಮಾಡಿಕೊಂಡರು. ಬಣ್ಣವನ್ನು ಮೇಲಿನಿಂದ ಸಾಲಾಗಿ ಹೇಳಬೇಕು, ಕಡಿಯುವ ಮುಂಚೆ ಕೇಳಿದ್ದನ್ನು ತಿರುಗಿ ಹೇಳಬೇಕು: ‘ಮ್ಯಾಲಿಂದ ಎರಡನೇದು, ನೀಲಿ, ಕಡೀಲಿ?’ ‘ಹ್ಞೂಂ ಕಡಿ.’

ಚಿಹ್ನೆಗಳ ಪುಟ ಇನ್ನೂ ರುಚಿ. ಪರದೆಯಲ್ಲಿ ನಾಲ್ಕು ವಿಚಿತ್ರ ಚಿಹ್ನೆ. ಕಾಗದದಲ್ಲಿ ಏಳೇಳು ಚಿಹ್ನೆಯ ಆರು ಸಾಲು, ನಾಲ್ಕೂ ಇರುವುದು ಒಂದೇ ಸಾಲಿನಲ್ಲಿ. ಆ ಸಾಲಿನ ಕ್ರಮದಲ್ಲೇ ಒತ್ತಬೇಕು. ಇವಕ್ಕೆ ನಮ್ಮಲ್ಲಿ ಹೆಸರಿಲ್ಲ, ಇಂಗ್ಲಿಷು ಬಂದವನಿಗೂ ಬಹಳಷ್ಟಕ್ಕೆ ಇಲ್ಲ. ಹಾಗಾಗಿ ಮಕ್ಕಳು ತಾವೇ ಇಟ್ಟರು: ಬಾಲದ ಗುಂಡು, ಸಿಡಿಲು, ತಲೆಕೆಳಗಾದ ಕೊಕ್ಕೆ. ಓದಲು ತಡವರಿಸುವ ಹುಡುಗಿಯೊಬ್ಬಳು ಇದರಲ್ಲಿ ಎಲ್ಲರಿಗಿಂತ ಚುರುಕು. ಅವಳಿಟ್ಟ ಹೆಸರೇ ಈಗ ಮೂರೂ ಗುಂಪಿನಲ್ಲಿ ಚಾಲ್ತಿ.

ಕೆಡುವುದು ಎಲ್ಲಿ ಅಂದರೆ, ಓದು ಚೆನ್ನಾಗಿ ಬರುವ ಒಬ್ಬ ಮೂರೂ ಪುಟ ಎಳೆದುಕೊಂಡು ಕೂತಾಗ. ಫೋನಿನ ಗೌಡ ಹೋಗಿ ಕಾಗದದ ಗೌಡ ಬಂದ ಹಾಗೆ. ಬಾಂಬು ಆರುತ್ತದೆ, ಆಟ ಗೆದ್ದ ಹಾಗೆ ಕಾಣುತ್ತದೆ, ಮೋಸ ಇರುವುದೇ ಅಲ್ಲಿ. ಆದ್ದರಿಂದ ಐದೈದು ಮಕ್ಕಳ ಮೂರು ಗುಂಪು ಮಾಡಿದ್ದೇವೆ. ಒಬ್ಬರ ಕೈಯಲ್ಲಿ ಫೋನು, ಮೂವರ ಕೈಯಲ್ಲಿ ಒಂದೊಂದು ಪುಟ, ಐದನೆಯವರು ನಡುವೆ ನಿಂತು ಮಾತು ಸರಿಯಾಗಿ ಮುಟ್ಟಿತೇ ನೋಡುವವರು. ಫೋನಿನವರು ಉಳಿದವರಿಗೆ ಬೆನ್ನು ಮಾಡಿ ಕೂರಬೇಕು. ಪ್ರತಿ ಬಾಂಬಿಗೂ ಜಾಗ ಬದಲು. ಸರದಿ ಕಾಯುವ ಗುಂಪು ಯಾರು ಎಷ್ಟು ಸಲ ಮಾತಾಡಿದರು ಅಂತ ಪಾಟಿಯ ಮೇಲೆ ಗೀಟು ಎಳೆಯುತ್ತದೆ. ಬಾಂಬು ಆರಿತೋ ಸಿಡಿಯಿತೋ ಅನ್ನುವುದಕ್ಕಿಂತ ನಾವು ನೋಡುವುದು ಆ ಗೀಟು. ಒಬ್ಬರ ಹೆಸರಿನ ಮುಂದೆ 20, ಇನ್ನೊಬ್ಬರ ಮುಂದೆ ಸೊನ್ನೆ ಇದ್ದರೆ ಆ ಆಟ ಲೆಕ್ಕಕ್ಕಿಲ್ಲ, ಮತ್ತೆ ಆಡಬೇಕು.

ಕರೆಂಟು ಹೋಗಿ ಫೋನೂ ಆರಿದ ದಿನ ಗೋಣಿಚೀಲ ಅಡ್ಡ ಕಟ್ಟಿ, ಅದರಾಚೆ ಕೌದಿ ಹೊಲಿಯುವ ಬಣ್ಣದ ದಾರ ಮೂರು ಇಳಿಬಿಡುತ್ತೇವೆ. ಒಬ್ಬರು ಕತ್ತರಿ ಹಿಡಿದು ಆಚೆ, ನಾಲ್ವರು ಕಾಗದ ಹಿಡಿದು ಈಚೆ. ನಿಯಮ ಅವೇ. ಗಡಿಯಾರದ ಬದಲು ನಮ್ಮಲ್ಲೊಬ್ಬರು 300ರಿಂದ ಹಿಂದಕ್ಕೆ ಎಣಿಸುತ್ತೇವೆ, ತಪ್ಪಾದರೆ ಬೇಗ ಬೇಗ ಎಣಿಸುತ್ತೇವೆ.

ನಾಲ್ಕು ತಂತಿಯ ನಿಯಮ ಇನ್ನೂ ಶುರುಮಾಡಿಲ್ಲ. ಅದಕ್ಕೆ ಬಾಂಬಿನ ನಂಬರಿನ ಕೊನೆಯ ಅಂಕಿ ಬೆಸವೋ ಸಮವೋ ನೋಡಬೇಕು. ಸಣ್ಣ ಮಕ್ಕಳಿಗೆ ಈ ವಾರ ಅದನ್ನೇ ಹುಣಸೆ ಬೀಜ ಜೋಡಿಸಿ ಹೇಳಿಕೊಡುತ್ತಿದ್ದೇವೆ.